ಪ್ಲಸ್ ಮೂರು ಡಿಗ್ರಿ, ಜೊತೆಗೆ ಮಳೆ: ಡೌನ್ ಜಾಕೆಟ್ಟಾ, ಸಿಂಥೆಟಿಕ್ಕಾ?

ಕಳೆದ ಜುಲೈನಲ್ಲಿ, ಸೆಮಿಸ್ಟರ್ ರಜೆಯಲ್ಲಿ, ನಾವು ಏಳು ಜನ ಹಿಮಾಚಲದ ಹಂಪ್ತಾ ಪಾಸ್‌ಗೆ ಚಾರಣ ಹೋಗಿದ್ವಿ. ಹೊರಡೋ ಮುಂಚೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜಾಸ್ತಿ ಚರ್ಚೆ ಆಗಿದ್ದು ಟ್ರೈನ್ ಟಿಕೆಟ್ ಬಗ್ಗೆ ಅಲ್ಲ, ಜಾಕೆಟ್ ಬಗ್ಗೆ. ಸಿವಿಲ್ ಬ್ರಾಂಚಿನ ಗೆಳೆಯ ಮನಾಲಿಯಲ್ಲಿ ಬಾಡಿಗೆಗೆ ಒಂದು ದಪ್ಪ ಡೌನ್ ಜಾಕೆಟ್ ತಗೊಂಡ. ಹಾಕ್ಕೊಂಡ್ರೆ ಹಾಸಿಗೆ ಸುತ್ತಿಕೊಂಡ ಹಾಗೆ ಕಾಣ್ತಿತ್ತು, ಕೈಯಲ್ಲಿ ಹಿಡಿದ್ರೆ ತೂಕವೇ ಇಲ್ಲ. ಇಸಿಯ ಗೆಳೆಯ ಮಾತ್ರ ಅವನ ಅಣ್ಣನ ಹಳೇ ಸಿಂಥೆಟಿಕ್ ಜಾಕೆಟ್ ತಂದಿದ್ದ. ತೆಳ್ಳಗಿತ್ತು. "ಇದೇನೋ, ಕೊಡೆ ಬಟ್ಟೆಲಿ ಹೊಲಿಸಿದೀಯಾ?" ಅಂತ ದಾರಿ ಉದ್ದಕ್ಕೂ ರೇಗಿಸಿದ್ವಿ.

ಎರಡನೇ ದಿನ ಚಿಕಾ ಕ್ಯಾಂಪಿನಿಂದ ಬಾಲು ಕಾ ಘೇರಾ ಕಡೆಗೆ ನಡೆಯುವಾಗ ಬೆಳಿಗ್ಗೆಯಿಂದಲೇ ಮಳೆ. ಜೋರು ಮಳೆಯೇನಲ್ಲ, ನಮ್ಮ ಮಲೆನಾಡಿನ ಜಡಿಮಳೆ ಥರ, ನಿಲ್ಲದೆ ಹಿಡಿದಿತ್ತು. ಸಂಜೆ ಕ್ಯಾಂಪ್ ಮುಟ್ಟಿದಾಗ ಥರ್ಮಾಮೀಟರ್ ಪ್ಲಸ್ ಮೂರು ಡಿಗ್ರಿ ತೋರಿಸ್ತಿತ್ತು. ಪ್ಲಸ್ ಮೂರು, ಮೈನಸ್ ಅಲ್ಲ. ನಾವು ಟೆಂಟಿನೊಳಗೆ ಬ್ಯಾಗ್ ಬಿಚ್ಚುವಾಗ ಸಿವಿಲ್ ಗೆಳೆಯ ಜಾಕೆಟ್ಟಿನ ಜಿಪ್ ಜೊತೆ ಒದ್ದಾಡ್ತಾ ಇದ್ದ. ಬೆರಳು ಮಾತು ಕೇಳ್ತಿರಲಿಲ್ಲ. ಏನೋ ಹೇಳಿದ, ಮಾತು ತೊದಲಿತು. ನಾವು ನಕ್ಕುಬಿಟ್ವಿ. ಗೈಡ್ ಭಯ್ಯಾ ನಗಲಿಲ್ಲ. ಬಂದವರೇ ಅವನ ಜಾಕೆಟ್, ಒದ್ದೆ ಬಟ್ಟೆ ಎಲ್ಲ ತೆಗೆಸಿ, ಒಣಗಿದ ಬಟ್ಟೆ ಹಾಕಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಸಿ, ಸಕ್ಕರೆ ಹಾಕಿದ ಬಿಸಿನೀರು ಕುಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮಾತು ಸರಿಹೋಯ್ತು. ಅದು ಹೈಪೋಥರ್ಮಿಯಾದ ಶುರು, ಅಂದರೆ ಮೈಯ ಒಳಗಿನ ಉಷ್ಣಾಂಶವೇ ಇಳಿಯೋಕೆ ಶುರುವಾಗಿತ್ತು ಅಂತ ನಮಗೆ ಆಮೇಲೆ ಗೊತ್ತಾಯ್ತು.

ಅವನ ಜಾಕೆಟ್ ಎತ್ತಿ ನೋಡಿದ್ವಿ. ಬೆನ್ನಿನ ಭಾಗದಲ್ಲಿ ಎರಡು ಪದರ ಬಟ್ಟೆ ಮಾತ್ರ ಇತ್ತು. ಒಳಗಿದ್ದದ್ದೆಲ್ಲ ಹೊಲಿಗೆಯ ಬದಿಗೆ ಇಳಿದು ಅಡಿಕೆ ಗಾತ್ರದ ಒದ್ದೆ ಉಂಡೆಗಳಾಗಿತ್ತು. ಇಸಿ ಗೆಳೆಯನ ಜಾಕೆಟ್ಟೂ ಒದ್ದೆಯಾಗಿತ್ತು. ಆದರೆ ಅದು ಇನ್ನೂ ಜಾಕೆಟ್ಟಿನ ಆಕಾರದಲ್ಲೇ ಇತ್ತು. ಅವನು ನಡುಗುತ್ತಾ ಎಲ್ಲರಿಗೂ ಬೈಯ್ತಾ ಓಡಾಡಿಕೊಂಡಿದ್ದ.

ಊಟದ ಹೊತ್ತಿಗೆ ಭಯ್ಯಾ ಹಿಂದಿಯಲ್ಲಿ ಒಂದು ಮಾತು ಹೇಳಿದರು. ಮೈನಸ್ ಹತ್ತರ ಚಳಿ ಒಳ್ಳೇದು, ಅದು ಒಣಗಿರುತ್ತೆ. ಪ್ಲಸ್ ಮೂರರ ಮಳೆಯೇ ಕೆಟ್ಟದ್ದು ಅಂತ. ಆಗ ಒಗಟಿನ ಹಾಗೆ ಕೇಳಿಸ್ತು. ವಾಪಸ್ ಬಂದ ಮೇಲೆ ಕೂತು ಲೆಕ್ಕ ಹಾಕಿ ನೋಡಿದ್ವಿ. ಆ ಲೆಕ್ಕವೇ ಈ ಲೇಖನ.

ಬೆಚ್ಚಗಿಡೋದು ಪುಕ್ಕ ಅಲ್ಲ, ಗಾಳಿ

ಮೊದಲು ಡೌನ್ ಅಂದರೆ ಏನು ಅಂತ ನೋಡೋಣ. ಬಾತುಕೋಳಿ ಅಥವಾ ಹೆಬ್ಬಾತಿನ ಮೈಮೇಲೆ ಕಾಣುವ ಗರಿ ಡೌನ್ ಅಲ್ಲ. ಆ ಗರಿಗಳ ಕೆಳಗೆ, ಎದೆ ಭಾಗದಲ್ಲಿ ಇರುವ ಮೆತ್ತನೆಯ ತುಪ್ಪುಳವೇ ಡೌನ್. ಗರಿಗೆ ನಡುವೆ ಒಂದು ಕಡ್ಡಿ ಇರುತ್ತೆ. ತುಪ್ಪುಳಕ್ಕೆ ಕಡ್ಡಿ ಇಲ್ಲ. ಒಂದು ಚುಕ್ಕಿಯಿಂದ ಎಲ್ಲ ದಿಕ್ಕಿಗೂ ಸಣ್ಣ ಎಳೆಗಳು ಹರಡಿಕೊಂಡಿರುತ್ತವೆ. ದಂಡೆಲಿಯನ್ ಹೂವಿನ ಬೀಜದ ಗುಂಡು ನೋಡಿದೀರಲ್ಲ, ಹೆಚ್ಚುಕಡಿಮೆ ಹಾಗೆ.

ಸಿಂಥೆಟಿಕ್ ಅಂದರೆ ಪಾಲಿಯೆಸ್ಟರ್ ಎಳೆಗಳು. ನಮ್ಮ ಹಾಸ್ಟೆಲ್ ದಿಂಬಿನೊಳಗೆ ಇರುವುದರ ಹತ್ತಿರದ ಸಂಬಂಧಿ, ಆದರೆ ಬಹಳ ಸಣ್ಣ ಎಳೆ. ಜಾಕೆಟ್ಟಿನಲ್ಲಿ ಇದನ್ನು ಸಾಮಾನ್ಯವಾಗಿ ಹಾಳೆಯ ಹಾಗೆ ಮಾಡಿ ಹೊಲಿದಿರ್ತಾರೆ.

ಎರಡೂ ಮಾಡೋ ಕೆಲಸ ಒಂದೇ: ಗಾಳಿಯನ್ನು ಅಲ್ಲಾಡದ ಹಾಗೆ ಹಿಡಿದಿಡೋದು. ನಿಂತ ಗಾಳಿಯ ಶಾಖವಾಹಕತೆ ಸುಮಾರು 0.025 W/mK. ನೀರಿನದ್ದು ಸುಮಾರು 0.6, ಅಂದರೆ ಇಪ್ಪತ್ತನಾಲ್ಕು ಪಟ್ಟು. ಆದ್ದರಿಂದ ಜಾಕೆಟ್ ಎಷ್ಟು ಬೆಚ್ಚಗಿರುತ್ತೆ ಅನ್ನೋದು ಅದು ಎಷ್ಟು ದಪ್ಪ ಉಬ್ಬಿ ನಿಂತಿದೆ, ಆ ಉಬ್ಬಿನೊಳಗೆ ಗಾಳಿ ಇದೆಯೋ ನೀರಿದೆಯೋ ಅನ್ನೋದರ ಮೇಲೆ ನಿಂತಿದೆ. ಇಲ್ಲಿಂದ ಮುಂದೆ ನಾವು ಹೇಳೋದೆಲ್ಲ ಈ ಉಬ್ಬಿನ ಕಥೆಯೇ.

ಡೌನ್ ಎಷ್ಟು ಉಬ್ಬುತ್ತೆ ಅನ್ನೋದಕ್ಕೆ ಒಂದು ಅಳತೆ ಇದೆ, ಅದರ ಹೆಸರು ಫಿಲ್ ಪವರ್. ಒಂದು ಔನ್ಸ್ ಡೌನ್ ಎಷ್ಟು ಘನ ಇಂಚು ಜಾಗ ತುಂಬುತ್ತೆ ಅನ್ನೋ ಸಂಖ್ಯೆ ಅದು. ನಮ್ಮ ಅಳತೆಗೆ ತಂದರೆ, 800 ಫಿಲ್ ಪವರ್ ಅಂದ್ರೆ 28 ಗ್ರಾಂ ಡೌನ್ ಸುಮಾರು 13 ಲೀಟರ್ ತುಂಬುತ್ತೆ. ಒಂದು ಹಿಡಿ ತುಪ್ಪುಳ ಒಂದು ಬಕೆಟ್ ತುಂಬಾ ಉಬ್ಬಿದ ಹಾಗೆ. ಒಣಗಿದ್ದಾಗ ತೂಕದ ಲೆಕ್ಕದಲ್ಲಿ ಇದನ್ನು ಮೀರಿಸೋದು ಕಷ್ಟ. 1922ರ ಎವರೆಸ್ಟ್ ಯಾತ್ರೆಯಲ್ಲೇ ಜಾರ್ಜ್ ಫಿಂಚ್ ಅನ್ನೋ ಪರ್ವತಾರೋಹಿ ಬಲೂನ್ ಬಟ್ಟೆಯೊಳಗೆ ಡೌನ್ ತುಂಬಿಸಿದ ಕೋಟು ಹಾಕಿದ್ದರು. ಆ ಎತ್ತರದ ಚಳಿ ಒಣ ಚಳಿ. ಅಲ್ಲಿ ನೀರು ಇರೋದು ಮಂಜುಗಡ್ಡೆಯಾಗಿ, ಬಟ್ಟೆ ಮೇಲೆ ಬಿದ್ರೆ ಕೊಡವಿದರೆ ಹೋಗುತ್ತೆ.

ನೀರು ಬಿದ್ದಾಗ ಏನಾಗುತ್ತೆ

ನಮ್ಮ ಕಡೆ ಹಳೇ ಹತ್ತಿ ಹಾಸಿಗೆ ವರ್ಷಗಳಾದ ಮೇಲೆ ಗಂಟುಗಂಟಾಗೋದು ನೋಡಿರ್ತೀರಿ. ಆಮೇಲೆ ಹತ್ತಿ ಹಿಂಜುವವರನ್ನು ಕರೆಸಿ ಹಿಂಜಿಸಿದ್ರೆ ಮತ್ತೆ ಉಬ್ಬುತ್ತೆ. ಒದ್ದೆಯಾದ ಡೌನ್‌ಗೆ ಆಗೋದು ಅದೇ, ಆದರೆ ಕೆಲವೇ ಗಂಟೆಗಳಲ್ಲಿ.

ತುಪ್ಪುಳದ ಎಳೆಗಳು ತುಂಬಾ ಸಣ್ಣ, ತುಂಬಾ ಬಳುಕುವಂಥವು. ನೀರಿನ ಮೇಲ್ಮೈ ಎಳೆತ ಪಕ್ಕಪಕ್ಕದ ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತೆ. ಸ್ನಾನ ಮಾಡಿದಾಗ ಕೂದಲು ತಲೆಗೆ ಅಂಟಿಕೊಳ್ಳುತ್ತಲ್ಲ, ಅದೇ ಬಲ. ಎಳೆಗೆ ಅದನ್ನು ಎದುರಿಸಿ ನಿಲ್ಲೋ ಗಟ್ಟಿತನ ಇಲ್ಲ. ಇದರ ಜೊತೆ ಇನ್ನೊಂದು ಸಮಸ್ಯೆ: ತುಪ್ಪುಳ ಕೆರಟಿನ್‌ನಿಂದ ಆದದ್ದು, ನಮ್ಮ ಕೂದಲು, ಉಗುರಿನ ಹಾಗೆ. ಕೆರಟಿನ್ ನೀರನ್ನು ಎಳೆಯ ಒಳಕ್ಕೇ ಹೀರಿಕೊಂಡು ಇನ್ನಷ್ಟು ಮೆತ್ತಗಾಗುತ್ತೆ. ಉಬ್ಬು ಕುಸಿಯುತ್ತೆ, ಗಾಳಿ ಇದ್ದ ಜಾಗ ಖಾಲಿಯಾಗುತ್ತೆ, ಉಳಿದದ್ದು ಹೊಲಿಗೆಯ ಮೂಲೆಗೆ ಇಳಿಯುತ್ತೆ. ಸಿವಿಲ್ ಗೆಳೆಯನ ಬೆನ್ನ ಮೇಲೆ ಆಗಿದ್ದು ಇದೇ.

ಪಾಲಿಯೆಸ್ಟರ್ ಎಳೆ ತನ್ನೊಳಗೆ ನೀರು ಹೀರೋದು ತನ್ನ ತೂಕದ ಶೇಕಡಾ ಒಂದಕ್ಕಿಂತಲೂ ಕಡಿಮೆ. ಎಳೆಗಳ ನಡುವೆ ನೀರು ನಿಲ್ಲುತ್ತೆ, ಆದರೆ ಎಳೆ ಮೆತ್ತಗಾಗಲ್ಲ. ಹಿಂಡಿ, ನಾಲ್ಕು ಸಲ ಜೋರಾಗಿ ಕೊಡವಿದ್ರೆ ಬಹುಪಾಲು ಉಬ್ಬು ವಾಪಸ್ ಬರುತ್ತೆ. ಅಮೆರಿಕದ ಸೇನೆ 1980ರ ದಶಕದಲ್ಲಿ ಒದ್ದೆಯಾದರೂ ಕೆಲಸ ಮಾಡುವ, ಡೌನ್‌ಗೆ ಬದಲಿಯಾದ ವಸ್ತು ಬೇಕು ಅಂತ ಕೇಳಿದಾಗ ತಯಾರಾದದ್ದೇ ಈಗ ಪ್ರೈಮಾಲಾಫ್ಟ್ ಅಂತ ಮಾರುವ ಪಾಲಿಯೆಸ್ಟರ್ ತುಂಬು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇಡ. "ಸಿಂಥೆಟಿಕ್ ಒದ್ದೆಯಾದ್ರೂ ಬೆಚ್ಚಗಿರುತ್ತೆ" ಅಂತ ಅಂಗಡಿಯವರು ಹೇಳ್ತಾರೆ. ಬೆಚ್ಚಗಿರಲ್ಲ. ಎಳೆಗಳ ನಡುವೆ ನೀರಿದ್ರೆ ಅದೂ ಶಾಖ ಕಳ್ಕೊಳ್ಳುತ್ತೆ, ಇಸಿ ಗೆಳೆಯನೂ ನಡುಗ್ತಿದ್ದ. ಸರಿಯಾಗಿ ಹೇಳೋದಾದ್ರೆ, ಸಿಂಥೆಟಿಕ್ ಒದ್ದೆಯಾದಾಗ ಸ್ವಲ್ಪ ಸ್ವಲ್ಪವೇ ಸೋಲುತ್ತೆ, ಡೌನ್ ಒಂದು ಹಂತದ ನಂತರ ಪೂರ್ತಿ ಕೈಬಿಡುತ್ತೆ.

ಹೈಡ್ರೋಫೋಬಿಕ್ ಡೌನ್ ಅಂತಲೂ ಬರುತ್ತೆ. ತುಪ್ಪುಳಕ್ಕೆ ನೀರು ಅಂಟದ ಲೇಪ ಕೊಟ್ಟಿರ್ತಾರೆ. ಇಬ್ಬನಿ, ಬೆವರಿನಂಥ ಸಣ್ಣ ತೇವಕ್ಕೆ ಅದು ನಿಜವಾಗಿಯೂ ಸಹಾಯ ಮಾಡುತ್ತೆ, ಬೇಗ ಒಣಗುತ್ತೆ ಕೂಡ. ಆದರೆ ಇಡೀ ದಿನದ ಮಳೆಗೆ ಅದು ಉತ್ತರ ಅಲ್ಲ, ಒಗೆದಂತೆಲ್ಲ ಲೇಪವೂ ಸವೆಯುತ್ತೆ.

ತೂಕದಲ್ಲಿ ಎಷ್ಟು ವ್ಯತ್ಯಾಸ?

ಡೌನ್ ಹಗುರ, ಸಿಂಥೆಟಿಕ್ ಭಾರ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಅಂತ ಯಾರೂ ಹೇಳಲ್ಲ. ನಾವೇ ಲೆಕ್ಕ ಹಾಕಿದ್ವಿ.

ಒಳ್ಳೆಯ ಸಿಂಥೆಟಿಕ್ ತುಂಬನ್ನು ತಯಾರಕರೇ ಸುಮಾರು 550 ಫಿಲ್ ಪವರ್‌ನ ಡೌನ್‌ಗೆ ಹೋಲಿಸ್ತಾರೆ. ಅದನ್ನೇ ಒಪ್ಪಿಕೊಳ್ಳೋಣ. 800 ಫಿಲ್‌ನ 100 ಗ್ರಾಂ ಡೌನ್ ಇರುವ ಜಾಕೆಟ್ಟಿನಷ್ಟೇ ಉಬ್ಬು ಬೇಕು ಅಂದರೆ 800ನ್ನು 550ರಿಂದ ಭಾಗಿಸಿ, ಸುಮಾರು 145 ಗ್ರಾಂ ಸಿಂಥೆಟಿಕ್ ಬೇಕು. ವ್ಯತ್ಯಾಸ 45 ಗ್ರಾಂ. ಒಂದು ಸಣ್ಣ ಬಿಸ್ಕೆಟ್ ಪ್ಯಾಕೆಟ್ಟಿನಷ್ಟು! ಜಿಪ್, ಬಟ್ಟೆ, ಟೋಪಿ ಎರಡರಲ್ಲೂ ಇದ್ದೇ ಇರುತ್ತೆ. ಹಾಗಾಗಿ ಜಾಕೆಟ್ ಮಟ್ಟದಲ್ಲಿ ತೂಕಕ್ಕಾಗಿ ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ.

ಈಗ ಸ್ಲೀಪಿಂಗ್ ಬ್ಯಾಗ್ ನೋಡೋಣ. 500 ಗ್ರಾಂ ಡೌನ್ ಇರೋ ಬ್ಯಾಗಿಗೆ ಸಮನಾಗಿ ಸುಮಾರು 730 ಗ್ರಾಂ ಸಿಂಥೆಟಿಕ್ ಬೇಕು. ವ್ಯತ್ಯಾಸ 230 ಗ್ರಾಂ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಸಿಂಥೆಟಿಕ್ ಬ್ಯಾಗನ್ನು ಡೌನ್‌ನಷ್ಟು ಚಿಕ್ಕದಾಗಿ ಅದುಮಲು ಆಗಲ್ಲ, ರಕ್‌ಸ್ಯಾಕಿನ ಅರ್ಧ ಜಾಗ ಅದೇ ತಿನ್ನುತ್ತೆ.

ಈ ಲೆಕ್ಕದಿಂದ ನಮಗೆ ಒಂದು ವಿಷಯ ಸ್ಪಷ್ಟ ಆಯ್ತು. "ಡೌನಾ, ಸಿಂಥೆಟಿಕ್ಕಾ" ಅನ್ನೋದು ಒಂದೇ ಪ್ರಶ್ನೆ ಅಲ್ಲ, ಎರಡು ಪ್ರಶ್ನೆ. ಹಗಲು ಮಳೆಯಲ್ಲಿ ಹಾಕ್ಕೊಳ್ಳೋ ಜಾಕೆಟ್ಟಿಗೆ ಒಂದು ಉತ್ತರ, ರಾತ್ರಿ ಟೆಂಟಿನೊಳಗೆ ಮಲಗೋ ಬ್ಯಾಗಿಗೆ ಇನ್ನೊಂದು ಉತ್ತರ ಇರಬಹುದು.

ಒಣಗೋ ಲೆಕ್ಕ: 250 ಘನ ಮೀಟರ್ ಗಾಳಿ

ಆ ರಾತ್ರಿ ನಾವು ಒಂದು ಪೆದ್ದು ಕೆಲಸ ಮಾಡಿದ್ವಿ. ಒದ್ದೆ ಜಾಕೆಟ್ಟುಗಳನ್ನು ಟೆಂಟಿನೊಳಗೆ ಹಗ್ಗ ಕಟ್ಟಿ ಒಣಹಾಕಿದ್ವಿ. ಬೆಳಿಗ್ಗೆ ನೋಡಿದ್ರೆ ಒಂದೂ ಒಣಗಿರಲಿಲ್ಲ. ಯಾಕೆ ಅಂತ ಫಸ್ಟ್ ಇಯರ್ ಫಿಸಿಕ್ಸ್‌ನಲ್ಲೇ ಉತ್ತರ ಇತ್ತು.

3 ಡಿಗ್ರಿಯ ಗಾಳಿ ತುಂಬಾ ಅಂದರೆ ಪ್ರತಿ ಘನ ಮೀಟರಿಗೆ ಸುಮಾರು 6 ಗ್ರಾಂ ನೀರಾವಿ ಹಿಡಿಯುತ್ತೆ. ಮಳೆ ಬರುವಾಗ ಆರ್ದ್ರತೆ ಶೇಕಡಾ 90 ಅಂದುಕೊಳ್ಳೋಣ. ಅಂದ್ರೆ 5.4 ಗ್ರಾಂ ಆಗಲೇ ತುಂಬಿದೆ, ಉಳಿದ ಜಾಗ 0.6 ಗ್ರಾಂ. ಜಾಕೆಟ್ಟಿನಲ್ಲಿ 150 ಗ್ರಾಂ ನೀರಿದ್ರೆ ಅದು ಹೋಗೋಕೆ 250 ಘನ ಮೀಟರ್ ಹೊಸ ಗಾಳಿ ಬೇಕು. ಒಂದು ದೊಡ್ಡ ಕ್ಲಾಸ್‌ರೂಮಿನಷ್ಟು ಗಾಳಿ ಆ ಒಂದು ಜಾಕೆಟ್ಟಿನ ಮೂಲಕ ಹಾಯಬೇಕು. ಮುಚ್ಚಿದ ಟೆಂಟಿನಲ್ಲಿ, ಮೂರು ಜನ ಉಸಿರು ಬಿಡ್ತಾ ಮಲಗಿರುವಾಗ ಅದು ಆಗದ ಮಾತು.

ಇದನ್ನೇ 15 ಡಿಗ್ರಿ, ಶೇಕಡಾ 40 ಆರ್ದ್ರತೆ ಇರುವ ಬಿಸಿಲಿನ ಜಾಗಕ್ಕೆ ಹಾಕಿ ನೋಡಿ. ಅಲ್ಲಿ ಗಾಳಿ ಸುಮಾರು 12.8 ಗ್ರಾಂ ಹಿಡಿಯಬಲ್ಲದು, 7.7 ಗ್ರಾಂ ಜಾಗ ಖಾಲಿ ಇದೆ. 20 ಘನ ಮೀಟರ್ ಗಾಳಿ ಸಾಕು. ಹನ್ನೆರಡು ಪಟ್ಟು ವ್ಯತ್ಯಾಸ! ಹಂಪ್ತಾ ಪಾಸ್‌ನ ಎರಡು ಬದಿಯಲ್ಲೂ ನಾವು ಕಂಡದ್ದು ಇದನ್ನೇ. ಸುಮಾರು 4,270 ಮೀಟರ್ ಎತ್ತರದ ಆ ಕಣಿವೆಯ ಕುಲ್ಲು ಬದಿ ಹಸಿರು, ಮಳೆ, ಮಂಜು. ದಾಟಿ ಲಾಹೌಲ್ ಬದಿಗೆ ಇಳಿದರೆ ಬೋಳು ಬೆಟ್ಟ, ಒಣ ಗಾಳಿ. ಆಗುಂಬೆಯಿಂದ ಒಂದೇ ದಿನದಲ್ಲಿ ಚಿತ್ರದುರ್ಗಕ್ಕೆ ಹೋದ ಹಾಗೆ. ಆ ಬದಿಯ ಛತ್ರುವಿನಲ್ಲಿ ಬಂಡೆಯ ಮೇಲೆ ಹರಡಿದ ಸಿಂಥೆಟಿಕ್ ಜಾಕೆಟ್ ನಾವು ಮಧ್ಯಾಹ್ನದ ಊಟ ಮುಗಿಸೋದರೊಳಗೆ ಒಣಗಿತ್ತು. ಡೌನ್ ಜಾಕೆಟ್ಟಿನ ಮೇಲ್ಬಟ್ಟೆ ಒಣಗಿದ್ರೂ ಒಳಗಿನ ಉಂಡೆಗಳು ಸಂಜೆಗೂ ತಣ್ಣಗೇ ಇದ್ದವು. ಉಂಡೆಯ ಒಳಗಿನ ನೀರಿಗೆ ಗಾಳಿ ತಾಗೋದೇ ಇಲ್ಲ, ಅದಕ್ಕೇ.

"ಮೈಮೇಲೇ ಹಾಕ್ಕೊಂಡು ಒಣಗಿಸಬಹುದಲ್ಲ?" ಅಂತ ಕೇಳಬಹುದು. ಒಣಗಿಸಬಹುದು, ಆದರೆ ಬೆಲೆ ನೋಡಿ. 150 ಗ್ರಾಂ ನೀರು ಆವಿಯಾಗೋಕೆ ಬೇಕಾದ ಲೇಟೆಂಟ್ ಹೀಟ್ ಸುಮಾರು 367 ಕಿಲೋಜೂಲ್. ಒಂದು ಚಪಾತಿಯ ಶಕ್ತಿಯಷ್ಟು, ಜಾಸ್ತಿಯೇನಲ್ಲ. ತೊಂದರೆ ಇರೋದು ವೇಗದಲ್ಲಿ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಕೊಡುತ್ತೆ. ಅದರಲ್ಲಿ 20 ವ್ಯಾಟ್ ಒಣಗಿಸೋಕೆ ಹೋಯ್ತು ಅಂದ್ರೂ ಐದು ಗಂಟೆ ಬೇಕು. ಆ ಐದು ಗಂಟೆಯೂ ನೀವು ಚಳಿಯಲ್ಲೇ ಇರ್ತೀರಿ, ನಿಮ್ಮ ಮೈಯಿಂದ ಶಾಖ ಸಾಲ ಹೋಗ್ತಾ ಇರುತ್ತೆ. ಸಿಂಥೆಟಿಕ್ ಆದ್ರೆ ಮೊದಲು ಹಿಂಡಿ ಅರ್ಧಕ್ಕಿಂತ ಹೆಚ್ಚು ನೀರು ತೆಗೆದು, ಉಳಿದದ್ದನ್ನು ನಡೀತಾ ನಡೀತಾ ಒಣಗಿಸಬಹುದು, ಯಾಕಂದ್ರೆ ಹತ್ತುವಾಗ ಮೈ ಇದರ ಹಲವು ಪಟ್ಟು ಶಾಖ ಕೊಡುತ್ತೆ. ಒದ್ದೆ ಡೌನ್ ಅನ್ನು ಗಟ್ಟಿಯಾಗಿ ತಿರುಚಿ ಹಿಂಡೋಕೂ ಆಗಲ್ಲ, ಒಳಗಿನ ಹೊಲಿಗೆ ಕಿತ್ತು ಬರುತ್ತೆ.

ಭಯ್ಯಾ ಹೇಳಿದ ಮಾತು ಈಗ ಅರ್ಥ ಆಯ್ತಲ್ಲ? ಮೈನಸ್ ಹತ್ತರಲ್ಲಿ ಹಿಮ ಬಟ್ಟೆಯನ್ನು ಒದ್ದೆ ಮಾಡಲ್ಲ. ಪ್ಲಸ್ ಮೂರರಲ್ಲಿ ನೀರು ನೀರಾಗಿಯೇ ಇದ್ದು ಒಳಗೆ ಇಳಿಯುತ್ತೆ, ಇಳಿದದ್ದು ಹೊರಗೆ ಹೋಗಲ್ಲ.

ಒಳಗಿನಿಂದ ಬರೋ ಮಳೆ

"ಮೇಲೊಂದು ಒಳ್ಳೆ ರೇನ್‌ಕೋಟ್ ಹಾಕಿದ್ರೆ ಮುಗೀತಲ್ಲ?" ಅಂತ ನಾವೂ ಅಂದುಕೊಂಡಿದ್ವಿ. ಸಿವಿಲ್ ಗೆಳೆಯ ಪ್ಲಾಸ್ಟಿಕ್ ಪೊಂಚೊ ಹಾಕಿದ್ದ. ಆದರೂ ಅವನ ಜಾಕೆಟ್ ಒದ್ದೆಯಾಗಿದ್ದಕ್ಕೆ ಅರ್ಧ ಕಾರಣ ಮಳೆ, ಇನ್ನರ್ಧ ಅವನೇ. ಡೌನ್ ಜಾಕೆಟ್ ಹಾಕ್ಕೊಂಡೇ ಏರು ಹತ್ತಿದ್ದ. ಬೆವರಿದ. ಬೆವರಿನ ಆವಿ ಪೊಂಚೊ ದಾಟಿ ಹೊರಗೆ ಹೋಗದೆ, ಅದರ ತಣ್ಣಗಿನ ಒಳಮೈಗೆ ತಾಗಿ ನೀರಾಗಿ ಮತ್ತೆ ಜಾಕೆಟ್ಟಿಗೇ ಇಳಿಯಿತು.

ರಾತ್ರಿ ಮಲಗಿದಾಗಲೂ ಇದು ನಿಧಾನವಾಗಿ ನಡೀತಾನೇ ಇರುತ್ತೆ. ಬೆವರದೇ ಇದ್ದರೂ ನಮ್ಮ ಚರ್ಮದಿಂದ ದಿನಕ್ಕೆ ಸುಮಾರು 400 ಮಿಲಿಲೀಟರ್ ನೀರು ಆವಿಯಾಗಿ ಹೋಗುತ್ತೆ. ಎಂಟು ಗಂಟೆ ನಿದ್ದೆಗೆ 130 ಮಿಲಿಲೀಟರ್, ಒಂದು ದೊಡ್ಡ ಲೋಟ ಟೀ. ಈ ಆವಿ ಸ್ಲೀಪಿಂಗ್ ಬ್ಯಾಗಿನ ಒಳಗಿಂದ ಹೊರಗೆ ಹೊರಡುತ್ತೆ. ಮೈ ಹತ್ತಿರ 30 ಡಿಗ್ರಿ, ಹೊರಗೆ 3 ಡಿಗ್ರಿ. ಹೊರಕ್ಕೆ ಹೋದಂತೆ ತಣ್ಣಗಾಗುತ್ತಾ, ಎಲ್ಲೋ ಹೊರಪದರದ ಹತ್ತಿರ ಡ್ಯೂ ಪಾಯಿಂಟ್ ಮುಟ್ಟಿ ಒಂದಷ್ಟು ಆವಿ ನೀರಾಗುತ್ತೆ. ಒಣ ಜಾಗದಲ್ಲಿ ಬೆಳಿಗ್ಗೆ ಬಿಸಿಲಿಗೆ ಹಾಕಿದ್ರೆ ಹೋಗುತ್ತೆ. ಮಳೆಯಲ್ಲಿ ಹೋಗಲ್ಲ. ಮಾರನೇ ರಾತ್ರಿ ಅದರ ಮೇಲೆ ಇನ್ನಷ್ಟು ಸೇರುತ್ತೆ. ಅದಕ್ಕೇ ಡೌನ್ ಬ್ಯಾಗ್ ಮೊದಲನೇ ರಾತ್ರಿ ಸೊಗಸಾಗಿರುತ್ತೆ, ನಾಲ್ಕನೇ ರಾತ್ರಿ "ಯಾಕೋ ಇವತ್ತು ಚಳಿ ಜಾಸ್ತಿ" ಅನ್ಸುತ್ತೆ. ಎಷ್ಟೋ ಸಲ ಜಾಸ್ತಿ ಆಗಿರೋದು ಚಳಿ ಅಲ್ಲ, ಬ್ಯಾಗಿನೊಳಗಿನ ನೀರು.

ಇದನ್ನು ಊಹೆ ಮಾಡಬೇಕಾಗಿಲ್ಲ, ತೂಗಿ ನೋಡಬಹುದು. ಲಗೇಜ್ ತೂಗೋ ಸಣ್ಣ ಡಿಜಿಟಲ್ ಕೊಕ್ಕೆ ತಕ್ಕಡಿ ಬರುತ್ತಲ್ಲ, ಅದರಲ್ಲಿ ಹೊರಡೋ ಮುಂಚೆ ಒಣ ಬ್ಯಾಗಿನ ತೂಕ ಬರೆದಿಟ್ಕೊಳ್ಳಿ. ಮೂರನೇ ದಿನ ಬೆಳಿಗ್ಗೆ ತೂಗಿ. ಹೆಚ್ಚಾದ ಗ್ರಾಂ ಎಲ್ಲ ನೀರು. ತಕ್ಕಡಿ ಇಲ್ಲದಿದ್ರೆ ಕೈಯಲ್ಲೇ ನೋಡಬಹುದು: ಅಂಗೈಯಲ್ಲಿ ಒತ್ತಿ ಬಿಟ್ಟಾಗ ತಕ್ಷಣ ಮೇಲೆದ್ದರೆ ಒಣಗಿದೆ. ಸೋಮಾರಿ ಥರ ನಿಧಾನಕ್ಕೆ ಎದ್ದರೆ ತೇವ ಇದೆ. ಬೆಳಕಿಗೆ ಹಿಡಿದಾಗ ಅಲ್ಲಲ್ಲಿ ಕಪ್ಪು ಚುಕ್ಕೆ, ನಡುವೆ ಖಾಲಿ ಜಾಗ ಕಂಡ್ರೆ ಗಂಟುಕಟ್ಟಿದೆ ಅಂತ ಅರ್ಥ.

ನೀರಾಗೋದು ಹೊರಪದರದ ಹತ್ತಿರ ಅನ್ನೋದರಿಂದಲೇ ಒಂದು ಜಾಣ ಉಪಾಯ ಇದೆ. ಡೌನ್ ಬ್ಯಾಗಿನ ಮೇಲೆ ಒಂದು ತೆಳು ಸಿಂಥೆಟಿಕ್ ಬ್ಯಾಗ್ ಅಥವಾ ಹೊದಿಕೆ ಹಾಕೋದು. ಆಗ ತಣ್ಣಗಿನ ಪದರ ಸಿಂಥೆಟಿಕ್‌ನೊಳಗೆ ಹೋಗುತ್ತೆ, ಆವಿ ಅಲ್ಲಿ ನೀರಾಗುತ್ತೆ, ಒಳಗಿನ ಡೌನ್ ಬೆಚ್ಚಗೂ ಒಣಗಿಯೂ ಉಳಿಯುತ್ತೆ. ತಿರುಗಾಮುರುಗಾ ಹಾಕಿದ್ರೆ ನೀರು ನಿಲ್ಲೋದು ಡೌನ್‌ನಲ್ಲೇ.

ಒಗೆಯೋದು, ಒಣಗಿಸೋದು, ಇಡೋದು

ವಾಪಸ್ ಬಂದ ಮೇಲೆ ಇನ್ನೊಂದು ಪಾಠ ಕಾದಿತ್ತು. ನಮ್ಮಲ್ಲೊಬ್ಬನ ಸ್ವಂತ ಡೌನ್ ಜಾಕೆಟ್ ಕೆಸರಾಗಿತ್ತು. ಹಾಸ್ಟೆಲ್ ಬಕೆಟ್ಟಿನಲ್ಲಿ ಬಟ್ಟೆ ಪುಡಿ ಹಾಕಿ ನೆನೆಸಿ, ಒಗೆದು, ಕಾರಿಡಾರಿನ ಹಗ್ಗದ ಮೇಲೆ ಹಾಕಿದ. ಆಗಸ್ಟ್ ತಿಂಗಳು. ಜೀನ್ಸ್ ಒಣಗೋಕೇ ಮೂರು ದಿನ ಬೇಕಾದ ಹವಾ. ವಾರದ ಮೇಲೆ ಅದರಿಂದ ಒದ್ದೆ ನಾಯಿ ವಾಸನೆ ಬರ್ತಿತ್ತು. ಆ ವಾಸನೆಯೇ ಗುರುತು: ಹೊರಗೆ ಒಣಗಿದ ಹಾಗಿದ್ರೂ ಒಳಗೆ ಒಣಗಿಲ್ಲ, ಬೂಷ್ಟು ಹಿಡಿಯೋಕೆ ಶುರುವಾಗಿದೆ.

ಡೌನ್ ಒಗೆಯೋ ಕ್ರಮ ಹೀಗೆ. ಮಾಮೂಲಿ ಬಟ್ಟೆ ಪುಡಿ ಬೇಡ, ಅದು ತುಪ್ಪುಳದ ಸಹಜ ಎಣ್ಣೆಯಂಶ ತೆಗೆದುಬಿಡುತ್ತೆ. ಡೌನ್‌ಗೆಂದೇ ಬರುವ ಸೌಮ್ಯ ಸೋಪು ಬೇಕು. ಮುಂದುಗಡೆ ಬಾಗಿಲಿರುವ ವಾಷಿಂಗ್ ಮಷಿನ್, ಸೌಮ್ಯ ಸೈಕಲ್, ಸೋಪು ಪೂರ್ತಿ ಹೋಗೋವರೆಗೆ ಎರಡು ಮೂರು ಸಲ ಜಾಲಿಸಬೇಕು. ಒದ್ದೆ ಜಾಕೆಟ್ ಎತ್ತುವಾಗ ಒಂದು ತುದಿ ಹಿಡಿದು ಎಳೀಬಾರದು, ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಕೆಳಗಿಂದ ಎತ್ತಬೇಕು. ಆಮೇಲೆ ಡ್ರೈಯರ್, ಕಡಿಮೆ ಬಿಸಿ, ಜೊತೆಗೆ ಎರಡು ಮೂರು ಸ್ವಚ್ಛ ಟೆನಿಸ್ ಬಾಲ್. ಚೆಂಡು ಕುಟ್ಟಿ ಕುಟ್ಟಿ ಉಂಡೆ ಒಡೆಯುತ್ತೆ, ಹತ್ತಿ ಹಿಂಜುವವರ ಕೆಲಸವೇ ಅದು. ನಡುನಡುವೆ ತೆಗೆದು ಬೆರಳಲ್ಲಿ ಉಳಿದ ಗಂಟು ಬಿಡಿಸಬೇಕು. ಇದಕ್ಕೆ ಹಲವು ಗಂಟೆ ಹಿಡಿಯುತ್ತೆ. ನಮ್ಮ ಗೆಳೆಯನ ಜಾಕೆಟ್ ಕೊನೆಗೆ ಡ್ರೈಯರ್ ಇರುವ ಒಂದು ಲಾಂಡ್ರಿಯಲ್ಲಿ ಹೀಗೇ ಬದುಕಿಕೊಳ್ತು.

ಸಿಂಥೆಟಿಕ್‌ಗೆ ಇಷ್ಟೆಲ್ಲ ಉಪಚಾರ ಬೇಡ. ಸಾಧಾರಣ ಸೋಪು, ತಣ್ಣೀರು, ನೆರಳಲ್ಲಿ ಹಗ್ಗದ ಮೇಲೆ ಹಾಕಿದ್ರೆ ಆಯ್ತು. ಜಾಸ್ತಿ ಬಿಸಿ, ಇಸ್ತ್ರಿ ಮಾತ್ರ ಬೇಡ, ಎಳೆ ಕರಗಿ ಚಪ್ಪಟೆಯಾಗುತ್ತೆ.

ಆದರೆ ಆಯಸ್ಸಿನ ವಿಷಯದಲ್ಲಿ ಲೆಕ್ಕ ತಿರುಗುತ್ತೆ. ಪ್ರತಿ ಸಲ ಅದುಮಿ ಬ್ಯಾಗಿಗೆ ತುರುಕಿದಾಗಲೂ ಪಾಲಿಯೆಸ್ಟರ್ ಎಳೆ ಸ್ವಲ್ಪ ಮಡಿಚಿಕೊಂಡೇ ಉಳಿಯುತ್ತೆ, ಮತ್ತೆ ಪೂರ್ತಿ ಏಳಲ್ಲ. ಕೆಲವು ವರ್ಷ ಚೆನ್ನಾಗಿ ಬಳಸಿದ್ರೆ ಉಬ್ಬು ಇಳಿದಿರುತ್ತೆ, ಒಗೆದರೂ ವಾಪಸ್ ಬರಲ್ಲ. ಡೌನ್ ಚೆನ್ನಾಗಿ ನೋಡಿಕೊಂಡ್ರೆ ಅದಕ್ಕಿಂತ ಬಹಳ ಹೆಚ್ಚು ವರ್ಷ ಬರುತ್ತೆ. ಎರಡಕ್ಕೂ ಒಂದೇ ನಿಯಮ: ಮನೆಯಲ್ಲಿ ಇಡುವಾಗ ಅದುಮಿ ಇಡಬೇಡಿ, ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಇಡಿ. ಬಾಡಿಗೆ ಜಾಕೆಟ್ ತಗೊಳ್ಳುವಾಗ ಒತ್ತಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಮೂಸಿ ನೋಡಿ. ಅಂಗಡಿಯವರು ಏನಂದುಕೊಂಡ್ರೂ ಪರವಾಗಿಲ್ಲ.

ಮುಂದಿನ ಸಲ ನಾವು ಏನು ಮಾಡ್ತೀವಿ

ಮಳೆಗಾಲದ ಹಂಪ್ತಾಗೆ ಮತ್ತೆ ಹೋದ್ರೆ ಜಾಕೆಟ್ ಸಿಂಥೆಟಿಕ್, ಎರಡು ಮಾತಿಲ್ಲ. 45 ಗ್ರಾಂ ಹೆಚ್ಚು ಹೊರೋಕೆ ನಾವು ತಯಾರಿದ್ದೀವಿ. ಹತ್ತುವಾಗ ಅದನ್ನು ತೆಗೆದು ಬ್ಯಾಗಿನಲ್ಲಿ ಇಡ್ತೀವಿ, ನಿಂತ ತಕ್ಷಣ ಹಾಕ್ತೀವಿ. ಸ್ಲೀಪಿಂಗ್ ಬ್ಯಾಗ್ ಮೂರು ನಾಲ್ಕು ರಾತ್ರಿಗಾದ್ರೆ ಡೌನ್ ಸಾಕು, ಆದರೆ ಬಾಯಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲದೊಳಗೆ, ಒಂದು ಜೊತೆ ಒಣ ಬಟ್ಟೆಯ ಸಮೇತ. ಆ ಚೀಲ ಟೆಂಟಿನ ಹೊರಗೆ ಬಿಚ್ಚೋದಿಲ್ಲ. ಅದಕ್ಕಿಂತ ಹೆಚ್ಚು ದಿನ ಒದ್ದೆ ಹವೆಯಲ್ಲೇ ಇರಬೇಕಾದ್ರೆ ಬ್ಯಾಗೂ ಸಿಂಥೆಟಿಕ್, ಇಲ್ಲವೇ ಡೌನ್ ಮೇಲೆ ಸಿಂಥೆಟಿಕ್ ಹೊದಿಕೆ. ಡಿಸೆಂಬರ್‌ನಲ್ಲಿ ಕೇದಾರಕಂಠದಂಥ ಹಿಮದ ಚಾರಣಕ್ಕೆ ಹೋಗೋರು ನಿಶ್ಚಿಂತೆಯಿಂದ ಡೌನ್ ಜಾಕೆಟ್ ಹಾಕಬಹುದು. ಅಲ್ಲೂ ಹತ್ತುವಾಗ ಬೇಡ, ಕ್ಯಾಂಪಿನಲ್ಲಿ ಮಾತ್ರ.

ಇನ್ನೊಂದು ಬದಲಾವಣೆ ಜಾಕೆಟ್ಟಿಗೆ ಸಂಬಂಧಿಸಿದ್ದಲ್ಲ. ಯಾರಾದ್ರೂ ಜಿಪ್ ಹಾಕೋಕೆ ಒದ್ದಾಡಿದ್ರೆ, ಮಾತು ತೊದಲಿದ್ರೆ, ಎಡವ್ತಾ ನಡೆದ್ರೆ ಇನ್ಮೇಲೆ ನಾವು ನಗಲ್ಲ. ಮೊದಲು ಅವರ ಜಾಕೆಟ್ ಮುಟ್ಟಿ ನೋಡ್ತೀವಿ.

ಸಿವಿಲ್ ಗೆಳೆಯ ಈಗ ಅವನದೇ ಒಂದು ಸಿಂಥೆಟಿಕ್ ಜಾಕೆಟ್ ಕೊಂಡಿದ್ದಾನೆ. ತೆಳ್ಳಗಿದೆ. ಇಸಿ ಗೆಳೆಯ ಅದನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಏನೋ, ಕೊಡೆ ಬಟ್ಟೆಲಿ ಹೊಲಿಸಿದೀಯಾ?"